ಚಾರ್ಜರ್ ಹಸಿರು ಲೈಟ್ ಬಿಟ್ಟು ಕೆಂಪಿಗೆ ಬರ್ತಿಲ್ಲ, ಹೋಗಿರೋದು ಚಾರ್ಜರ್ರಾ ಬ್ಯಾಟರಿನಾ?

"ಸ್ಕೂಟರ್ ಓಡುತ್ತೆ, ಚಾರ್ಜ್ ಅರ್ಧ ಇದೆ, ಆದ್ರೆ ಚಾರ್ಜರ್ ಹಾಕಿದ್ರೆ ಹಸಿರೇ ಉರಿಯುತ್ತೆ. 60 ವೋಲ್ಟ್ ಲಿಥಿಯಂ ಪ್ಯಾಕ್, ಚಾರ್ಜರ್ ಮೇಲೆ 67.2 ಅಂತಿದೆ. ಹೊಸ ಚಾರ್ಜರ್ ತಗೋಬೇಕಾ?"

— ಹಸಿರು ಅಂದ್ರೆ ಫುಲ್ ಅಂತ. ಅರ್ಧ ಇದ್ರೂ ಹಸಿರು ತೋರಿಸ್ತಿದೆ ಅಂದ್ರೆ ಚಾರ್ಜರ್ ಹೋಗಿದೆ. ಪಿನ್ ಕೂರೋ ಬೇರೆ ಯಾವುದಾದ್ರೂ ಹಾಕಿ ನೋಡಿ.

— ಪಿನ್ ಕೂತ್ರೆ ಸಾಲದು, ದಯವಿಟ್ಟು ಹಂಗೆ ಮಾಡ್ಬೇಡಿ! ಚಾರ್ಜರ್ ಮೇಲೆ ಬರೆದಿರೋ ವೋಲ್ಟ್ ಅದೇ ಇರ್ಬೇಕು, ಜಾಸ್ತಿ ವೋಲ್ಟಿಂದು ಹಾಕಿದ್ರೆ ಪ್ಯಾಕಿಗೆ ಬೆಂಕಿ ಬೀಳಬಹುದು. ಮಾಮೂಲಿ ಎರಡು ಬಣ್ಣದ ಚಾರ್ಜರಲ್ಲಿ ಹಸಿರು ಅಂದ್ರೆ ಕರೆಂಟ್ ಹರೀತಿಲ್ಲ ಅಂತ ಅಷ್ಟೇ, ಫುಲ್ ಆಗಿದ್ರೂ ಹಸಿರು, ಎಲ್ಲೋ ದಾರಿ ಕಟ್ ಆಗಿದ್ರೂ ಹಸಿರು. ಮೊದಲು ಚಾರ್ಜರ್‌ನ ಗೋಡೆ ಪ್ಲಗ್ಗಿಗೆ ಮಾತ್ರ ಹಾಕಿ ಮೀಟರಲ್ಲಿ ಔಟ್‌ಪುಟ್ ನೋಡಿ, ಆಮೇಲೆ ಚಾರ್ಜರ್ ತೆಗೆದು ಸ್ಕೂಟರ್ ಸಾಕೆಟ್ ನೋಡಿ. ಮೀಟರಿನ ಒಂದೇ ಕಡ್ಡಿ ಎರಡು ಪಿನ್ನಿಗೂ ಒಟ್ಟಿಗೆ ತಗುಲಬಾರದು, ಕಿಡಿ ಹಾರುತ್ತೆ.

— ನಂದು ಉಲ್ಟಾ, ರಾತ್ರಿಯೆಲ್ಲಾ ಹಾಕಿದ್ರೂ ಕೆಂಪು ಹೋಗಲ್ಲ, ಲೆಡ್ ಆಸಿಡ್ ಬ್ಯಾಟರಿ, ಒಂದು ಮಾತ್ರ ಬಿಸಿ ಆಗುತ್ತೆ. ಇದೂ ಚಾರ್ಜರ್ರೇನಾ?

— ನಿಮ್ಮದು ಬೇರೆ ಕಥೆ ಅಣ್ಣ, ಆ ಬಿಸಿ ಆಗೋ ಬ್ಯಾಟರಿ ಮೇಲೇ ನನಗೆ ಅನುಮಾನ. ರಾತ್ರಿ ಬಿಟ್ಟು ಮಲಗೋದು ಇವತ್ತೇ ನಿಲ್ಸಿ.

— ಕೇಳಿದವನು ನಾನೇ. ಚಾರ್ಜರ್ 67.1 ಬಂತು. ಸಾಕೆಟ್ 58.

— ಸಾಕೆಟ್ಟಲ್ಲಿ ಸೊನ್ನೆ ಬಂದಿದ್ರೆ ಚಾರ್ಜಿಂಗ್ ಫ್ಯೂಸ್, ವೈರ್ ಹುಡುಕಿ ಅಂತಿದ್ದೆ. 58 ಬಂದಿದೆ ಅಂದ್ರೆ ಇನ್ನೊಂದು ಟೆಸ್ಟ್ ಇದೆ. ಚಾರ್ಜರ್ ಸ್ಕೂಟರಿಗೆ ಹಾಕಿ ಆನ್ ಇರೋವಾಗ್ಲೇ ಸಾಕೆಟ್ ಹಿಂದಿನ ವೈರಲ್ಲಿ ಅಳೀಬೇಕು, ಅಭ್ಯಾಸ ಇರೋರ ಕೈಲೇ ಮಾಡ್ಸಿ. ಅಲ್ಲಿ 58 ಹತ್ರವೇ ನಿಂತಿದ್ರೆ ಚಾರ್ಜರ್ ತಳ್ತಾ ಇಲ್ಲ, ಬರೀ ಮೀಟರಿಗೆ ವೋಲ್ಟ್ ತೋರಿಸಿ ಲೋಡ್ ಬಿದ್ದಾಗ ಕುಸಿಯೋ ಚಾರ್ಜರ್‌ಗಳಿರ್ತವೆ. 67 ಹಾಗೇ ಇದ್ರೆ ಚಾರ್ಜರ್ ರೆಡಿ ಇದೆ, ಪ್ಯಾಕೊಳಗೆ ಸೆಲ್‌ಗಳನ್ನ ಕಾಯೋ ಸರ್ಕ್ಯೂಟ್, ಅಂದ್ರೆ ಬಿಎಂಎಸ್ಸೇ ಬೇಡ ಅಂತಿದೆ.

— ಮೆಕ್ಯಾನಿಕ್ ಅಳೆದ್ರು, 67 ಹಾಗೇ ಇದೆ.

— ಹಂಗಾದ್ರೆ ಹೊಸ ಚಾರ್ಜರಿಗೆ ದುಡ್ಡು ಹಾಕ್ಬೇಡಿ. 67.2 ಚಾರ್ಜರಿನ ಪ್ಯಾಕಲ್ಲಿ ಸೆಲ್‌ಗಳ 16 ಸಾಲು ಒಂದರ ಹಿಂದೊಂದು ಸೇರಿರುತ್ತೆ, 58 ಅಂದ್ರೆ ಒಂದು ಸಾಲಿಗೆ ಸುಮಾರು 3.6 ವೋಲ್ಟ್, ಆದ್ರೆ ಅದು ಸರಾಸರಿ. ಒಂದೇ ಒಂದು ಸಾಲು 4.2 ದಾಟಿದ್ರೂ ಬಿಎಂಎಸ್ ಇಡೀ ಪ್ಯಾಕಿನ ಚಾರ್ಜಿಂಗ್ ನಿಲ್ಸುತ್ತೆ, ಸ್ಕೂಟರ್ ಮಾತ್ರ ಓಡ್ತಾ ಇರುತ್ತೆ. ಸ್ವಲ್ಪ ದೂರ ಓಡಿಸಿ, ತಣ್ಣಗಾದ್ಮೇಲೆ ಹಾಕಿ ನೋಡಿ.

— ಓಡಿಸಿ ಬಂದೆ ಸರ್, ಕೆಂಪು ಬಂತು! ಆದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಹಸಿರು.

— ಒಂದು ಸಾಲು ಬೇಗ ತುಂಬ್ತಿರೋ ಲಕ್ಷಣ ಅದು. ಆ ಸೆಲ್ ಬಳಲಿದ್ಯಾ, ಬಿಎಂಎಸ್ ತಪ್ಪಾಗಿ ಓದ್ತಿದ್ಯಾ ಅನ್ನೋದು ಪ್ಯಾಕ್ ಬಿಚ್ಚಿ ಸಾಲು ಸಾಲಾಗಿ ಅಳೆದ್ರೇನೇ ಗೊತ್ತಾಗೋದು, ಮನೇಲಿ ಬಿಚ್ಬೇಡಿ.

— ಕೆಲವು ಚಾರ್ಜರ್ ಸ್ಕೂಟರ್ ಜೊತೆ ಮಾತಾಡದೆ ವೋಲ್ಟೇ ಕೊಡಲ್ವಲ್ಲ, ಅದರಲ್ಲಿ ಸೊನ್ನೆ ಬಂದ್ರೆ?

— ಆ ಥರದ್ರಲ್ಲಿ ಮೊದಲ ಟೆಸ್ಟ್ ಲೆಕ್ಕಕ್ಕಿಲ್ಲ. ಅದೇ ಮಾಡೆಲ್ಲಿನ ಇನ್ನೊಂದು ಸ್ಕೂಟರಿಗೆ ನಿಮ್ಮ ಚಾರ್ಜರ್ ಹಾಕಿ ನೋಡ್ಬೇಕು.