ಒಟ್ಟು ಅಂಕ ಒಂದೇ, ರೇಡಾರ್ ಚಾರ್ಟ್‌ನಲ್ಲಿ ಒಬ್ಬಳು ದೊಡ್ಡವಳು?

ಪ್ರಶ್ನೆ: ಓದು, ಬರಹ, ಮಾತು, ಲೆಕ್ಕ, ಪ್ರಯೋಗ, ಚಿತ್ರ ಹೀಗೆ ಆರು ಕೌಶಲಕ್ಕೆ ತಲಾ 10 ಅಂಕ. ಇಬ್ಬರು ಹುಡುಗಿಯರಿಗೂ ಒಟ್ಟು 36 ಬಂದಿದೆ. ಆದರೆ ನಡುವಿನಿಂದ ಆರು ದಿಕ್ಕಿಗೆ ಅಂಕ ಗುರುತಿಸಿ ಗೆರೆಯಿಂದ ಸೇರಿಸುವ ರೇಡಾರ್ ಚಾರ್ಟ್‌ನಲ್ಲಿ ಒಬ್ಬಳ ಆಕಾರ ಎಷ್ಟೋ ದೊಡ್ಡದಾಗಿ ಕಾಣುತ್ತೆ. ನಾನೇನಾದರೂ ತಪ್ಪು ಮಾಡಿದೆನಾ? ಬೇರೆ ಏನು ಬಳಸಲಿ?

ದತ್ತಾಂಶ ವಿಶ್ಲೇಷಕ: ನಿಮ್ಮ ತಪ್ಪಲ್ಲ ಮೇಡಂ. ಆ ಆಕಾರದ ವಿಸ್ತೀರ್ಣ ಒಟ್ಟು ಅಂಕದಿಂದ ಬರುವುದಿಲ್ಲ, ಅಕ್ಕಪಕ್ಕದ ಅಂಕಗಳ ಗುಣಲಬ್ಧದಿಂದ ಬರುತ್ತೆ. ಒಬ್ಬಳಿಗೆ ಸಾಲಾಗಿ 9, 9, 9, 3, 3, 3 ಇದೆ ಅಂದುಕೊಳ್ಳಿ. ಪಕ್ಕಪಕ್ಕದ್ದನ್ನು ಗುಣಿಸಿ, ಕೊನೆಯದನ್ನು ಮೊದಲನೆಯದಕ್ಕೂ ಗುಣಿಸಿ ಕೂಡಿದರೆ 81+81+27+9+9+27, ಅಂದರೆ 234. ಇನ್ನೊಬ್ಬಳಿಗೆ 9, 3, 9, 3, 9, 3 ಇದ್ದರೆ ಆರು ಸಲ 27, ಬರೀ 162. ವಿಸ್ತೀರ್ಣ ಇದೇ ಅನುಪಾತದಲ್ಲಿರುತ್ತೆ. ಮೊದಲನೆಯವಳದ್ದು ಶೇ 44ರಷ್ಟು ಹೆಚ್ಚು, ಎರಡನೆಯವಳದ್ದು ಸೊರಗಿದ ಮೂರು ಮೂಲೆಯ ನಕ್ಷತ್ರ.

ಗಣಿತ ಶಿಕ್ಷಕ: ಎಲ್ಲರಿಗೂ ಕೌಶಲಗಳ ಕ್ರಮ ಒಂದೇ ಇಟ್ಟರೆ ಈ ತೊಂದರೆ ಇರಲ್ಲ ಅಲ್ವಾ?

ದತ್ತಾಂಶ ವಿಶ್ಲೇಷಕ: ಕ್ರಮ ಒಂದೇ ಇರಲೇಬೇಕು ಸರ್, ಅದು ನಿಜ. ಆದರೆ ಮೇಲಿನ ಲೆಕ್ಕದಲ್ಲೂ ಇಬ್ಬರಿಗೂ ಒಂದೇ ಕ್ರಮ. ಬಲವಾದ ಕೌಶಲಗಳು ಅಕ್ಕಪಕ್ಕ ಬಿದ್ದವರಿಗೆ ಪುಕ್ಕಟೆ ಲಾಭ. ಇನ್ನೊಂದು, ಎಲ್ಲದರಲ್ಲೂ 4 ಇದ್ದ ಮಗು 8ಕ್ಕೆ ಬಂದರೆ ಅಂಕ ಎರಡು ಪಟ್ಟು, ಚಿತ್ರ ಮಾತ್ರ ನಾಲ್ಕು ಪಟ್ಟು.

ಇದರ ಬದಲು ಚುಕ್ಕಿ ಚಾರ್ಟ್ ಹಾಕಿ. ಎಕ್ಸೆಲ್‌ನಲ್ಲಿ ಮೊದಲ ಕಾಲಂಗೆ ಕೌಶಲ, ಮುಂದಿನ ಎರಡಕ್ಕೆ ಇಬ್ಬರ ಅಂಕ. ಇಬ್ಬರ ನಡುವಿನ ವ್ಯತ್ಯಾಸ ಹೆಚ್ಚಿರುವ ಕೌಶಲ ಮೇಲೆ ಬರುವಂತೆ ಸಾಲುಗಳನ್ನು ಜೋಡಿಸಿಕೊಳ್ಳಿ. `Line with Markers` ಆರಿಸಿ, ಪ್ರತಿ ಗೆರೆಗೂ `No line` ಕೊಡಿ, ಚುಕ್ಕಿ ಮಾತ್ರ ಉಳಿಯುತ್ತೆ. ಗೆರೆ ಹಾಗೇ ಉಳಿಸಿಕೊಂಡರೆ ಬರಹದಿಂದ ಮಾತಿಗೆ ಏನೋ "ಇಳಿದ" ಹಾಗೆ ಕಾಣುತ್ತೆ, ಅದಕ್ಕೆ ಅರ್ಥವೇ ಇಲ್ಲ. ಅಕ್ಷವನ್ನು 0ಯಿಂದ 10ಕ್ಕೆ ಕಟ್ಟಿಹಾಕಿ. ಇಬ್ಬರಿಗೂ ಒಂದೇ ಅಂಕ ಬಂದಲ್ಲಿ ಒಂದು ಚುಕ್ಕಿ ಇನ್ನೊಂದನ್ನು ಮುಚ್ಚುತ್ತೆ, ಹಾಗಾಗಿ ಒಂದನ್ನು ದೊಡ್ಡ ಟೊಳ್ಳು ವೃತ್ತ ಮಾಡಿ.

ಪ್ರಾಥಮಿಕ ಶಾಲಾ ಶಿಕ್ಷಕಿ: ನನ್ನದು ಒಂದೇ ಮಗುವಿನ ಎರಡು ಪರೀಕ್ಷೆ. ಅದಕ್ಕೂ ಚುಕ್ಕಿನೇನಾ?

ದತ್ತಾಂಶ ವಿಶ್ಲೇಷಕ: ಅಲ್ಲಿ ಗೆರೆ ಬೇಕು ಮೇಡಂ. ಎಡಕ್ಕೆ ಮೊದಲ ಪರೀಕ್ಷೆ, ಬಲಕ್ಕೆ ಎರಡನೆಯದು, ಪ್ರತಿ ಕೌಶಲಕ್ಕೆ ಒಂದು ಗೆರೆ. ಎರಡನೇ ಪ್ರಶ್ನೆಪತ್ರಿಕೆ ಸುಲಭವಾಗಿದ್ದರೆ ಗೆರೆ ಸುಮ್ಮನೆ ಏರುತ್ತೆ, ಅದನ್ನು ಯಾವ ಚಾರ್ಟೂ ಹಿಡಿಯಲ್ಲ.

ಗಣಿತ ಶಿಕ್ಷಕ: ಆದರೂ ಒಂದೇ ಮಗುವಿನದ್ದನ್ನು ಪೋಷಕರಿಗೆ ತೋರಿಸೋಕೆ ರೇಡಾರೇ ಚೆನ್ನ. ಎಲ್ಲಿ ತಗ್ಗು ಅಂತ ತಕ್ಷಣ ಕಣ್ಣಿಗೆ ಬೀಳುತ್ತೆ.

ದತ್ತಾಂಶ ವಿಶ್ಲೇಷಕ: ಒಳಗೆ ಬಣ್ಣ ತುಂಬದೆ, ಅಂಕ ಬರೆದು ತೋರಿಸಿದರೆ ಒಪ್ಪಬಹುದೇನೋ. ನಾನಂತೂ ಬಾರ್ ಚಾರ್ಟೇ ಕೊಡ್ತೀನಿ.