ಹಾಲು ಬಿಟ್ಟು ಬೇರೇನೂ ಮುಟ್ಟದ ಮಗು, ರಕ್ತ ಕಡಿಮೆ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ದಿನಕ್ಕೆ 200 ಮಿ.ಲೀ.ನ ಐದು ಬಾಟಲಿ ಹಸುವಿನ ಹಾಲು ಕುಡೀತಾನೆ, ಊಟ ಎರಡು ತುತ್ತು. ನೋಡೋಕೆ ದುಂಡಗಿದ್ದಾನೆ, ಆದ್ರೆ ಹಿಮೋಗ್ಲೋಬಿನ್ 8.9 ಬಂದಿದೆ. ಎಷ್ಟು ಹಾಲು ಸರಿ?

ಎರಡು ಮಕ್ಕಳ ತಾಯಿ: ಹಸುವಿನ ಹಾಲಿಂದ ಕರುಳಲ್ಲಿ ರಕ್ತ ಸೋರುತ್ತಂತೆ. ಇವತ್ತೇ ಪೂರ್ತಿ ನಿಲ್ಲಿಸಿಬಿಡಿ.

ಮಕ್ಕಳ ವಾರ್ಡಿನ ನರ್ಸ್: ಪೂರ್ತಿ ನಿಲ್ಲಿಸೋದು ಬೇಡ. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಹೋಗೋದು ಕೆಲವು ಮಕ್ಕಳಲ್ಲಿ ನಿಜ, ಅದೂ ವರ್ಷದೊಳಗಿನವರಲ್ಲಿ ಹೆಚ್ಚು. ನಿಮ್ಮ ಮಗನ ಲೆಕ್ಕ ಇನ್ನೂ ಸರಳ. ಒಂದು ಲೀಟರ್ ಹಾಲಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ ಇದ್ದರೆ ಹೆಚ್ಚು. ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು 7-8 ಮಿಲಿಗ್ರಾಂ. ಅದೇ ಲೀಟರ್ ಹಾಲು ಅವನ ದಿನದ ಹಸಿವಿನಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿಸಿಬಿಡುತ್ತೆ, ಇನ್ನು ಊಟ ಎಲ್ಲಿಂದ ಸೇರಬೇಕು? ತಿಂದ ಎರಡು ತುತ್ತಿನ ಕಬ್ಬಿಣವನ್ನೂ ಹಾಲಿನ ಕ್ಯಾಲ್ಸಿಯಂ ಸರಿಯಾಗಿ ಒಳಗೆ ಬಿಡಲ್ಲ. ತೂಕ ಚೆನ್ನಾಗಿರೋದರಿಂದಲೇ ಯಾರಿಗೂ ಅನುಮಾನ ಬರಲ್ಲ.

ದಿನಕ್ಕೆ 350ರಿಂದ 500 ಮಿ.ಲೀ. ಸಾಕು, ಮೊಸರನ್ನೂ ಆ ಲೆಕ್ಕಕ್ಕೇ ಸೇರಿಸಿ. ಮೊದಲು ಊಟಕ್ಕೆ ಮುಂಚಿನ ಬಾಟಲಿ ತೆಗೀರಿ, ಉಳಿದದ್ದನ್ನು ಊಟ ಆದ ಒಂದೆರಡು ಗಂಟೆ ಮೇಲೆ ಲೋಟದಲ್ಲಿ ಕೊಡಿ. ಆದ್ರೆ 8.9 ಬರೀ ಊಟದಿಂದ ಏರಲ್ಲ, ಕಬ್ಬಿಣದ ಡ್ರಾಪ್ಸ್ ಬೇಕೇಬೇಕು. ಡೋಸ್ ತೂಕ ನೋಡಿ ಡಾಕ್ಟರೇ ಬರೀಲಿ. ಒಂದೊಂದು ಕಂಪನಿಯ ಡ್ರಾಪ್ಸ್ ಒಂದೊಂದು ಸಾಂದ್ರತೆ, ಪಕ್ಕದ ಮನೆಯವರ "ಹತ್ತು ಹನಿ" ನಂಬಬೇಡಿ. ಡ್ರಾಪ್ಸನ್ನು ಹಾಲಿನ ಜೊತೆ ಹಾಕಲೇಬೇಡಿ. ಮಲ ಕಪ್ಪಾದರೆ ಗಾಬರಿ ಬೇಡ.

ಒಬ್ಬ ಅಪ್ಪ: ನನ್ನ ಮಗಳು ಗೋಡೆ ಸುಣ್ಣ ಕೆರೆದು ತಿನ್ನೋಳು, ಬೈದಿದ್ದೇ ಬಂತು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಪರೀಕ್ಷೆ ಮಾಡಿಸಿದ್ರೆ ತಳ ಮುಟ್ಟಿತ್ತು. ಔಷಧಿ ಶುರುವಾಗಿ ಕೆಲವು ವಾರಕ್ಕೆ ಸುಣ್ಣ ಬಿಟ್ಟಳು, ಊಟ ಕೇಳೋಕೆ ಶುರು ಮಾಡಿದಳು. ಫೆರಿಟಿನ್ ಮಾಡಿಸಿದ್ರಾ?

ಹೊಸ ಅಮ್ಮ: ನಮ್ಮವಳಿಗೆ ಹಾಲು ಕಂಡ್ರೇ ಆಗಲ್ಲ, ಕುಡಿದ್ರೆ ವಾಂತಿ. ಅವಳಿಗೂ ಡ್ರಾಪ್ಸ್ ಹಾಕ್ಲಾ?

ನರ್ಸ್: ಅದು ಬೇರೆ ಕಥೆ ತಾಯಿ, ಪರೀಕ್ಷೆ ಇಲ್ಲದೆ ಹಾಕಬೇಡಿ. ಆ ಸೀಸೆ ಮಗುವಿನ ಕೈಗೂ ಸಿಗಬಾರದು, ಹೆಚ್ಚು ಕುಡಿದರೆ ವಿಷ. ಮತ್ತೆ ಫೆರಿಟಿನ್: ಜ್ವರ, ಸೋಂಕು ಇರುವಾಗ ಸುಳ್ಳಾಗಿ ಏರಿರುತ್ತೆ, ವಾಸಿಯಾದ ಮೇಲೆ ಮಾಡಿಸಿ.

ಪ್ರಶ್ನೆ ಕೇಳಿದವರು: ಫೆರಿಟಿನ್ ಮಾಡಿಸಿಲ್ಲ, ಕೇಳ್ತೀನಿ. ರಾತ್ರಿ ಬಾಟಲಿ ಇಲ್ಲದೆ ಮಲಗೋದೇ ಇಲ್ವಲ್ಲ?

ಎರಡು ಮಕ್ಕಳ ತಾಯಿ: ದಿನಾ ಸ್ವಲ್ಪ ನೀರು ಹೆಚ್ಚಿಸ್ತಾ ಹೋಗಿ, ಅವನೇ ಬಿಡ್ತಾನೆ.

ಒಬ್ಬ ಅಪ್ಪ: ನಮ್ಮಲ್ಲಿ ಆ ಉಪಾಯ ನಡೀಲಿಲ್ಲ, ನೀರುಹಾಲನ್ನೇ ಇನ್ನೊಂದು ಬಾಟಲಿ ಕೇಳಿದಳು. ಬಾಟಲಿಯನ್ನೇ ಮನೆಯಿಂದ ತೆಗೆದ್ವಿ, ಮೂರ್ನಾಲ್ಕು ರಾತ್ರಿ ಅತ್ತಳು.

ನರ್ಸ್: ಎರಡೂ ನೋಡಿದ್ದೀನಿ, ಒಂದೊಂದು ಮಗುವಿಗೆ ಒಂದೊಂದು ಉಪಾಯ ಸರಿಹೋಗುತ್ತೆ. ಸುಮಾರು ಒಂದು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಕಾರಣ ಹಾಲೊಂದೇ ಅಲ್ಲ ಅಂತ ಡಾಕ್ಟರ್ ಬೇರೆ ಹುಡುಕಬೇಕಾಗುತ್ತೆ. ಏರಿದರೂ ಔಷಧಿ ಕೂಡಲೇ ನಿಲ್ಲಿಸಬೇಡಿ, ದಾಸ್ತಾನು ತುಂಬೋಕೆ ಇನ್ನೂ ಎರಡು ಮೂರು ತಿಂಗಳು ಬೇಕು.