ಪದಚರ್ಚೆ: ‘ಸ್ವಲ್ಪವೂ ತೃಪ್ತಿಯಿಲ್ಲ’ ಅಂದರೆ ಸೊನ್ನೆಯೋ, ಮೈನಸ್ಸೋ?

ವಸುಧಾ:
ಎಲ್ಲರಿಗೂ ನಮಸ್ಕಾರ. ತರಬೇತಿ ಮುಗಿದ ಮೇಲೆ ಕೊಡುವ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪ್ರಶ್ನೆ: ‘ಈ ತರಬೇತಿ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ?’ ಉತ್ತರಗಳು ಐದು: ಸ್ವಲ್ಪವೂ ತೃಪ್ತಿಯಿಲ್ಲ, ಕೊಂಚ ತೃಪ್ತಿಯಿದೆ, ಸುಮಾರಾಗಿ ತೃಪ್ತಿಯಿದೆ, ತುಂಬಾ ತೃಪ್ತಿಯಿದೆ, ಪೂರ್ತಿ ತೃಪ್ತಿಯಿದೆ. ಇದು ಯುನಿಪೋಲಾರ್ ಸ್ಕೇಲ್, ಸೊನ್ನೆಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ ಅಂತ ಮೂಲದಲ್ಲಿ ಬರೆದಿದ್ದಾರೆ.

ನನ್ನ ತಕರಾರು ಮೊದಲ ಉತ್ತರದ ಮೇಲೆ. ‘ನನಗೆ ತೃಪ್ತಿಯಿಲ್ಲ’ ಅಂದರೆ ಎದುರಿಗಿದ್ದವರು ‘ಯಾಕೆ, ಏನಾಯ್ತು?’ ಅಂತ ಕೇಳುತ್ತಾರೆ ಅಲ್ವಾ? ಅದು ದೂರಿನ ಹಾಗೆ ಕೇಳುತ್ತದೆ, ಸೊನ್ನೆಯ ಹಾಗಲ್ಲ. ಬೇರೆ ಮಾತು ಹೊಳೆಯುತ್ತದೆಯೇ?

ಗಿರೀಶ್:
ಬೈಪೋಲಾರ್ ಸ್ಕೇಲಿಗೆ ನಡುವೆ ‘ಅದೂ ಅಲ್ಲ, ಇದೂ ಅಲ್ಲ’ ಅನ್ನುವ ಜಾಗ ಬೇಕು. ಹಾಗಾಗಿ ನಡು ಇದ್ದರೆ ಬೈಪೋಲಾರ್, ಇಲ್ಲದಿದ್ದರೆ ಯುನಿಪೋಲಾರ್. ನಿಮ್ಮದರಲ್ಲಿ ಐದು ಉತ್ತರ ಇರುವುದೇ ತೊಡಕು. ನಾಲ್ಕಕ್ಕೆ ಇಳಿಸಿ. ಮೊದಲನೆಯದಕ್ಕೆ ‘ಅತೃಪ್ತಿ’ ಅಂತ ಹಾಕಿದರೆ ಚಿಕ್ಕದಾಗಿಯೂ ಇರುತ್ತದೆ.

ಶೈಲಜಾ:
ಗಿರೀಶ್ ಅವರೇ, ನಿಮ್ಮ ಮೊದಲ ಮಾತು ಸರಿ, ಎರಡನೆಯದು ಅಲ್ಲ. ಐದರಲ್ಲಿ ಮೂರನೆಯದು ನಡುವೆ ಇರುತ್ತದೆ, ನಿಜ. ಆದರೆ ವಸುಧಾ ಅವರ ಪಟ್ಟಿಯಲ್ಲಿ ಆ ಜಾಗದಲ್ಲಿರುವುದು ‘ಸುಮಾರಾಗಿ ತೃಪ್ತಿ’. ಅದು ಕೂಡ ಒಂದಿಷ್ಟು ತೃಪ್ತಿಯೇ. ನಡು ಇದೆಯೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ಸೊನ್ನೆ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಯುನಿಪೋಲಾರ್‌ನಲ್ಲಿ ಸೊನ್ನೆ ತುದಿಯಲ್ಲಿ, ಬೈಪೋಲಾರ್‌ನಲ್ಲಿ ನಡುವೆ. ಒಂದು ತುದಿಗೆ ‘ಅತೃಪ್ತಿ’ ಹಾಕಿ ಉಳಿದಿದ್ದನ್ನು ಹಾಗೇ ಬಿಟ್ಟರೆ, ನಿರ್ಲಿಪ್ತವಾಗಿ ಇರುವವರಿಗೆ ಟಿಕ್ ಹಾಕಲು ಜಾಗವೇ ಇರುವುದಿಲ್ಲ.

ವಸುಧಾ ಅವರ ಅನುಮಾನ ಬರೀ ಪದದ್ದಲ್ಲ. ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬರು ತರಬೇತಿಯಲ್ಲಿ ಸುಮ್ನೆ ಕೂತು ಎದ್ದುಹೋದರು, ಖುಷಿಯೂ ಇಲ್ಲ, ಬೇಜಾರೂ ಇಲ್ಲ. ಇನ್ನೊಬ್ಬರು ತಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಂತ ಸಿಟ್ಟಾಗಿ ಹೋದರು. ಇಬ್ಬರೂ ‘ಸ್ವಲ್ಪವೂ ತೃಪ್ತಿಯಿಲ್ಲ’ಕ್ಕೇ ಟಿಕ್ ಹಾಕುತ್ತಾರೆ. ಇಲ್ಲವೇ ಮೊದಲನೆಯವರಿಗೆ ಆ ಮಾತು ಕಟುವಾಯ್ತು ಅನ್ನಿಸಿ ‘ಕೊಂಚ ತೃಪ್ತಿ’ಗೆ ಸರಿಯುತ್ತಾರೆ. ಲೆಕ್ಕದ ಹಾಳೆ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ತೃಪ್ತಿಗೆ ಎದುರು ಭಾವ ಒಂದಿದೆ, ಜನ ಅದನ್ನು ನಿಜವಾಗಿ ಅನುಭವಿಸುತ್ತಾರೆ. ಅದಕ್ಕೇ ಈ ಪ್ರಶ್ನೆಗೆ ನಾನು ಬೈಪೋಲಾರ್ ಆರಿಸುತ್ತೇನೆ. ‘ಎಷ್ಟು ಉಪಯೋಗವಾಯ್ತು’, ‘ಎಷ್ಟು ಸಲ ಬಳಸಿದಿರಿ’ ಅಂತ ಕೇಳುವಾಗ ಯುನಿಪೋಲಾರ್ ಸರಿ. ಶೂನ್ಯಕ್ಕಿಂತ ಕಡಿಮೆ ಸಲ ಯಾರೂ ಬಳಸಲಾರರು.

ಮಂಜುನಾಥ್:
ನಾನು ಒಂದು ಅರ್ಜಿ ನಮೂನೆಗೆ ಒಂದರಿಂದ ಐದು ನಕ್ಷತ್ರ ಇಟ್ಟಿದ್ದೆ. ಮೂರು ನಕ್ಷತ್ರ ಕೊಟ್ಟವರನ್ನು ವಿಚಾರಿಸಿದರೆ ಒಬ್ಬರು ‘ಚೆನ್ನಾಗಿತ್ತು’ ಅಂದರು, ಇನ್ನೊಬ್ಬರು ‘ಅಷ್ಟಕ್ಕಷ್ಟೆ’ ಅಂದರು. ಹಾಗಾದರೆ ಹತ್ತು ನಕ್ಷತ್ರ ಇಡಬೇಕಿತ್ತೇ?

ಶೈಲಜಾ:
ಮಂಜುನಾಥ್ ಅವರೇ, ಜಾಸ್ತಿ ನಕ್ಷತ್ರ ಇಟ್ಟರೂ ಅದು ತೀರುವುದಿಲ್ಲ. ಮೂರು ಅಂದರೆ ಏನು ಅಂತ ನೀವು ಹೇಳಿಲ್ಲ, ಅವರು ತಾವೇ ಊಹಿಸಿಕೊಂಡಿದ್ದಾರೆ. ಜರ್ಮನಿಯಲ್ಲಿ ನಡೆದು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ‘ಬದುಕಿನಲ್ಲಿ ನೀವು ಎಷ್ಟು ಯಶಸ್ವಿ?’ ಅಂತ ಕೇಳಿದರು. ಎರಡೂ ತುದಿಯ ಮಾತುಗಳು ಒಂದೇ, ಅಂಕೆಗಳು ಮಾತ್ರ ಬೇರೆ. 0ಯಿಂದ 10ರ ಸ್ಕೇಲಿನಲ್ಲಿ 34% ಜನ 5 ಅಥವಾ ಅದರ ಕೆಳಗೆ ಗುರುತು ಹಾಕಿದರು. -5ರಿಂದ +5ರ ಸ್ಕೇಲಿನಲ್ಲಿ ಅದೇ ಜಾಗಗಳಿಗೆ ಗುರುತು ಹಾಕಿದವರು 13%. ಮೈನಸ್ ಕಂಡ ಕೂಡಲೇ ಕೆಳತುದಿಯನ್ನು ‘ಯಶಸ್ಸಿಲ್ಲ’ದ ಬದಲು ‘ಸೋಲು’ ಅಂತ ಓದಿಕೊಂಡರು. ಹಾಗಾಗಿ ಎಲ್ಲ ಉತ್ತರಕ್ಕೂ ಮಾತು ಬರೆಯಿರಿ, ಅಂಕೆ ಬಿಟ್ಟರೂ ನಡೆಯುತ್ತದೆ.

ವಸುಧಾ ಅವರೇ, ಎರಡು ಹೆಜ್ಜೆಯಲ್ಲಿ ಕೇಳಿ ನೋಡಿ. ಮೊದಲು: ತೃಪ್ತಿಯಾಯಿತೇ, ಅತೃಪ್ತಿಯಾಯಿತೇ, ಎರಡೂ ಇಲ್ಲವೇ? ಮೊದಲ ಎರಡರಲ್ಲಿ ಒಂದನ್ನು ಆರಿಸಿದವರಿಗೆ ಮಾತ್ರ: ಸ್ವಲ್ಪವೇ, ಸಾಕಷ್ಟೇ, ತುಂಬವೇ? ಕೂಡಿಸಿದರೆ ಏಳು ಹಂತವಾಗುತ್ತದೆ. ಏಳು ಉದ್ದ ಸಾಲುಗಳನ್ನು ಒಟ್ಟಿಗೆ ಓದುವ ಕಷ್ಟ ಯಾರಿಗೂ ಇರುವುದಿಲ್ಲ.

ಗಿರೀಶ್:
ಒಪ್ಪಿದೆ. ಆದರೆ ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ತೃಪ್ತರೇ ಆಗಿದ್ದರೆ ಅತೃಪ್ತಿಯ ಮೂರು ಹಂತ ಖಾಲಿ ಬೀಳುತ್ತವಲ್ಲ? ಆಗ ಯುನಿಪೋಲಾರ್‌ನಲ್ಲೇ ಸೂಕ್ಷ್ಮ ಜಾಸ್ತಿ ಸಿಗುತ್ತದೆ.

ಇನ್ನೊಂದು, ನಡುವಿನ ಜಾಗಕ್ಕೆ ‘ಪರವಾಗಿಲ್ಲ’ ಅಂದರೆ ಹೇಗೆ?

ಶೈಲಜಾ:
ಮೊದಲನೆಯದು ನ್ಯಾಯವಾದ ಮಾತು. ಮೇಲಿನ ಹಂತಗಳ ವ್ಯತ್ಯಾಸ ಮಾತ್ರ ಬೇಕಿದ್ದರೆ ಹಾಗೆ ಮಾಡುವವರಿದ್ದಾರೆ. ಸಿಟ್ಟಾದ ನಾಲ್ಕು ಜನ ಯಾರು ಅಂತ ಗೊತ್ತಾಗಬೇಕಿದ್ದರೆ ನನಗೆ ಅದು ಒಪ್ಪಿಗೆಯಿಲ್ಲ. ‘ಪರವಾಗಿಲ್ಲ’ ಬೇಡ. ಅಡುಗೆ ಹೇಗಿದೆ ಅಂತ ಕೇಳಿದಾಗ ‘ಪರವಾಗಿಲ್ಲ’ ಅಂದರೆ ಕೆಲವರ ಬಾಯಲ್ಲಿ ಅದು ಮೆಚ್ಚುಗೆ. ‘ತೃಪ್ತಿಯೂ ಇಲ್ಲ, ಅತೃಪ್ತಿಯೂ ಇಲ್ಲ’ ಉದ್ದವಾದರೂ ಗೊಂದಲವಿಲ್ಲ.

ವಸುಧಾ:
ಎರಡು ಹೆಜ್ಜೆಯದನ್ನು ತರಬೇತಿಯವರ ಮುಂದೆ ಇಟ್ಟೆ. ಇಷ್ಟವಾಯ್ತು, ಆದರೆ ಬೇರೆ ಭಾಷೆಯ ಪ್ರತಿಗಳು ಯುನಿಪೋಲಾರ್‌ನಲ್ಲೇ ಅಚ್ಚಾಗಿವೆಯಂತೆ. ಎಲ್ಲ ಭಾಷೆಯ ಸರಾಸರಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನುತ್ತಾರೆ. ಸ್ಕೇಲ್ ಬೇರೆಯಾದರೆ ಹಾಗೆ ಹೋಲಿಸಲು ಬರುವುದಿಲ್ಲ ಅಂತ ನನಗೂ ಈಗ ಅರ್ಥವಾಗಿದೆ. ಅವರು ಯುನಿಪೋಲಾರ್‌ಗೇ ಪಟ್ಟು ಹಿಡಿದರೆ ಮೊದಲ ಉತ್ತರವನ್ನು ‘ತೃಪ್ತಿ ಅನ್ನುವಂಥದ್ದೇನೂ ಆಗಲಿಲ್ಲ’ ಅಂತ ಮಾಡಬಹುದೇ? ದೂರಿನ ದನಿ ಕಡಿಮೆಯಾಯಿತೇ?

ಮಂಜುನಾಥ್:
ನನ್ನ ಕಿವಿಗೆ ಅದೂ ದೂರೇ.